ಹಾಸ್ಟೆಲ್ ಫ್ರಿಜ್‌ಗೊಂದು ನೋಟಿಸ್: ರೂಮ್ ನಂಬರ್, ಎರಡು ದಿನಾಂಕ, ಭಾನುವಾರದ ಸರದಿ

ಎಂಟು ರೂಮು, ಹದಿನಾರು ಜನ, ಒಂದು ಫ್ರಿಜ್. ಬೆಂಗಳೂರಿನ ಮಹಿಳಾ ಹಾಸ್ಟೆಲ್ ಒಂದರ ಎರಡನೇ ಮಹಡಿಯ ಅಡುಗೆಕೋಣೆ ಅದು; ನಾನು ಅಲ್ಲಿ ಮೂರು ವರ್ಷ ಇದ್ದೆ. ಫ್ರಿಜ್ ಬಾಗಿಲ ಮೇಲೆ ‘ದಯವಿಟ್ಟು ಫ್ರಿಜ್ ಸ್ವಚ್ಛವಾಗಿಡಿ’ ಎಂಬ ಚೀಟಿ ಇತ್ತು. ಅದನ್ನು ಯಾರೂ ವಿರೋಧಿಸಲಿಲ್ಲ, ಯಾರೂ ಪಾಲಿಸಲೂ ಇಲ್ಲ. ಸ್ವಚ್ಛವಾಗಿಡುವುದೆಂದರೆ ಯಾರು, ಯಾವಾಗ, ಯಾವ ಡಬ್ಬಿಯನ್ನು ಏನು ಮಾಡಬೇಕು ಎಂಬುದು ಆ ಚೀಟಿಯಲ್ಲಿ ಇರಲೇ ಇಲ್ಲ. ಇಂಥ ಅಡುಗೆಕೋಣೆಗೆ ಕೆಲಸಕ್ಕೆ ಬರುವ ನೋಟಿಸ್ ಹೇಗಿರಬೇಕು, ಅದರ ಒಂದೊಂದು ಸಾಲಿನ ಹಿಂದೆ ಏನು ಕಾರಣವಿದೆ ಎಂಬುದು ಈ ಲೇಖನದ ವಿಷಯ.

ಜಾಗದ ಲೆಕ್ಕ

ನಮ್ಮದು ಒಂದೇ ಬಾಗಿಲಿನ, ಮೂರು ತಟ್ಟೆಗಳ ಸಣ್ಣ ಫ್ರಿಜ್. ಒಂದೊಂದು ತಟ್ಟೆಯನ್ನೂ ಮೂರು ಪಾಲು ಮಾಡಿದರೆ ಒಂಬತ್ತು ಪಾಲಾಗುತ್ತದೆ. ಎಂಟು ರೂಮಿಗೆ ಎಂಟು ಪಾಲು, ಉಳಿದ ಒಂದು ಎಲ್ಲರದು. ತಟ್ಟೆಯ ಅಂಚಿಗೆ ಟೇಪ್ ಅಂಟಿಸಿ ರೂಮ್ ನಂಬರ್ ಬರೆದ ದಿನವೇ ಅರ್ಧ ಜಗಳ ನಿಂತಿತು. ಅಲ್ಲಿಯವರೆಗೆ ಮೊದಲು ಬಂದವರು ಕುಕ್ಕರನ್ನೇ ಒಳಗಿಟ್ಟು ಹೋಗುತ್ತಿದ್ದರು. ಪಾಲು ಗೊತ್ತಾದ ಮೇಲೆ ಉಳಿದದ್ದನ್ನು ಸಣ್ಣ ಡಬ್ಬಿಗೆ ಬಗ್ಗಿಸುವುದು ತಾನಾಗಿ ರೂಢಿಯಾಯಿತು.

ಬಾಗಿಲಿನ ರ‍್ಯಾಕ್ ಫ್ರಿಜ್‌ನಲ್ಲೇ ಹೆಚ್ಚು ಬೆಚ್ಚಗಿನ ಜಾಗ. ಹದಿನಾರು ಜನ ಬಾಗಿಲು ತೆಗೆದು ಹಾಕುವಾಗ ಹೊರಗಿನ ಗಾಳಿ ಮೊದಲು ತಾಗುವುದು ಅಲ್ಲಿಗೆ. ಹಾಲಿನ ಪ್ಯಾಕೆಟ್ ಅಲ್ಲಿ ಬೇಡ, ಒಳಗಿನ ತಟ್ಟೆಯಲ್ಲಿರಲಿ. ಬಾಗಿಲಿಗೆ ಉಪ್ಪಿನಕಾಯಿ, ಸಾಸ್, ನೀರಿನ ಬಾಟಲಿ ಸಾಕು. ಮಾಂಸ, ಮೀನು ತರಲು ಅನುಮತಿ ಇರುವ ಹಾಸ್ಟೆಲ್‌ಗಳಲ್ಲಿ ಹಸಿಯದನ್ನು ಮುಚ್ಚಿದ ಡಬ್ಬಿಯಲ್ಲಿ, ಎಲ್ಲಕ್ಕಿಂತ ಕೆಳಗಿನ ತಟ್ಟೆಯಲ್ಲೇ ಇಡಬೇಕು. ಅದರ ನೀರು ಬೇಯಿಸಿಟ್ಟ ಅಡುಗೆಯ ಮೇಲೆ ತೊಟ್ಟಿಕ್ಕಬಾರದು. ಇದು ಮಡಿ–ಮೈಲಿಗೆಯ ಮಾತಲ್ಲ, ಹೊಟ್ಟೆ ಕೆಡುವ ಮಾತು. ಈರುಳ್ಳಿ, ಆಲೂಗಡ್ಡೆಗೆ ಫ್ರಿಜ್ ಬೇಕೇ ಇಲ್ಲ.

ಒಳಗಿನ ತಂಪು 5 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಗುಂಡಿಯ ಮೇಲಿನ ಒಂದು, ಎರಡು, ಮೂರು ಅಂಕಿಗಳು ಡಿಗ್ರಿಗಳಲ್ಲ. ಗೊತ್ತಾಗಬೇಕಾದರೆ ಒಂದು ಲೋಟ ನೀರಿನಲ್ಲಿ ಫ್ರಿಜ್ ಥರ್ಮಾಮೀಟರ್ ಮುಳುಗಿಸಿ ನಡುವಿನ ತಟ್ಟೆಯಲ್ಲಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಯಾರೂ ಬಾಗಿಲು ತೆಗೆಯುವ ಮೊದಲು ನೋಡಬೇಕು. ನಾವು ಹಾಗೆ ನೋಡಿದಾಗ 9 ಡಿಗ್ರಿ ಇತ್ತು. ಬಾಗಿಲಿನ ರಬ್ಬರ್ ಬೀಡಿಂಗ್ ಒಂದು ಕಡೆ ಸಡಿಲವಾಗಿತ್ತು. ಬಾಗಿಲಿಗೆ ಕಾಗದದ ಹಾಳೆ ಸಿಕ್ಕಿಸಿ ಮುಚ್ಚಿ ಎಳೆದರೆ ಅದು ಬಿಗಿಯಾಗಿ ಹಿಡಿದಿರಬೇಕು. ನಮ್ಮಲ್ಲಿ ಸಲೀಸಾಗಿ ಜಾರಿ ಬಂತು.

ಚೀಟಿಯಲ್ಲಿ ಏನು ಬರೆಯಬೇಕು

ಡಬ್ಬಿಗೆ ಅಂಟಿಸುವ ಚೀಟಿಯಲ್ಲಿ ಹೆಸರೊಂದೇ ಸಾಲದು. ಹಾಸ್ಟೆಲ್‌ನಲ್ಲಿ ಒಂದೇ ಹೆಸರಿನವರು ಇಬ್ಬರಾದರೂ ಇದ್ದೇ ಇರುತ್ತಾರೆ. ರೂಮ್ ನಂಬರ್, ಇಟ್ಟ ದಿನ, ಕೊನೆಯ ದಿನ, ಈ ಮೂರು ಬೇಕು. ‘ರೂಮ್ 7, ಬುಧ 14, ಶನಿ 17’ ಎಂದರೆ ಏಳನೇ ರೂಮಿನವರು ಬುಧವಾರ ಇಟ್ಟಿದ್ದಾರೆ, ಶನಿವಾರದ ತನಕ ತಿನ್ನಬಹುದು ಎಂದರ್ಥ. ವಾರವನ್ನಷ್ಟೇ ಬರೆದರೆ ಯಾವ ಬುಧವಾರ ಎಂಬ ಪ್ರಶ್ನೆ ಬರುತ್ತದೆ. ತಾರೀಖನ್ನಷ್ಟೇ ಬರೆದರೆ ಇವತ್ತು ಎಷ್ಟನೇ ತಾರೀಖು ಎಂದು ಮೊಬೈಲ್ ನೋಡಬೇಕಾಗುತ್ತದೆ. ಆದ್ದರಿಂದ ಎರಡೂ ಇರಲಿ.

ಪೇಂಟ್ ಅಂಗಡಿಯಲ್ಲಿ ಸಿಗುವ ಮಾಸ್ಕಿಂಗ್ ಟೇಪ್ ಇದಕ್ಕೆ ಸರಿಯಾದ ಸಾಮಾನು. ಕೈಯಲ್ಲೇ ಹರಿಯಬಹುದು, ಮೇಲೆ ಬರೆಯಬಹುದು, ತೆಗೆದಾಗ ಸ್ಟೀಲ್ ಡಬ್ಬಿಯ ಮೇಲೆ ಅಂಟು ಉಳಿಯುವುದು ಕಡಿಮೆ. ಫ್ರಿಜ್‌ನಿಂದ ತೆಗೆದ ಡಬ್ಬಿ ಬೆವರುತ್ತದೆ, ಆಗ ಟೇಪ್ ಹಿಡಿಯುವುದಿಲ್ಲ. ಒಳಗಿಡುವ ಮೊದಲೇ, ಡಬ್ಬಿ ಒಣಗಿರುವಾಗಲೇ ಅಂಟಿಸಬೇಕು. ಜೆಲ್ ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ, ಪರ್ಮನೆಂಟ್ ಮಾರ್ಕರ್ ಬೇಕು. ಅದನ್ನು ದಾರ ಕಟ್ಟಿ ಫ್ರಿಜ್ ಪಕ್ಕದ ಮೊಳೆಗೇ ನೇತುಹಾಕಿ, ಇಲ್ಲದಿದ್ದರೆ ಎರಡನೇ ದಿನಕ್ಕೆ ಮಾಯ.

ಒಂದು ತಪ್ಪು ನಾವು ತಿಂಗಳುಗಟ್ಟಲೆ ಮಾಡಿದೆವು. ಚೀಟಿಯನ್ನು ಮುಚ್ಚಳದ ಮೇಲೆ ಅಂಟಿಸುತ್ತಿದ್ದೆವು. ತೊಳೆದಿಟ್ಟ ಡಬ್ಬಿಗಳ ರಾಶಿಯಲ್ಲಿ ಮುಚ್ಚಳಗಳು ಅದಲುಬದಲಾಗುತ್ತವೆ. ರೂಮ್ 2ರ ಮುಚ್ಚಳದಡಿ ರೂಮ್ 5ರ ಪಲ್ಯ ಸಿಕ್ಕಿದ ಮೇಲೆ ಬುದ್ಧಿ ಬಂತು. ಚೀಟಿ ಡಬ್ಬಿಯ ಮೈಗೆ, ಬಾಗಿಲ ಕಡೆ ಮುಖ ಮಾಡಿ ಇರಬೇಕು.

ಮೂರು ದಿನದ ಗಡುವು ಏಕೆ

ಬುಧವಾರ ರಾತ್ರಿ ಎಂಟು ಗಂಟೆಗೆ ಬಿಸಿಬೇಳೆಬಾತ್ ಮಾಡಿದ್ದೀರಿ ಎನ್ನಿ. ಊಟವಾಗಿ ಮಾತಾಡುತ್ತ ಹನ್ನೊಂದಾಯಿತು. ಉಳಿದದ್ದು ಕುಕ್ಕರಿನಲ್ಲೇ ಇದೆ. ಆಗ ಅದನ್ನು ಆಳವಾದ ಡಬ್ಬಿಗೆ ಒತ್ತಿ ತುಂಬಿ ಫ್ರಿಜ್‌ಗೆ ಇಡುತ್ತೀರಿ. ಇಲ್ಲಿ ಎರಡು ತಪ್ಪಾಗಿವೆ.

ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ಕುದಿಯುವ ನೀರಿಗೂ ಕೆಲವು ಸಾಯದೆ ಉಳಿಯುತ್ತವೆ. ಅನ್ನ ಉಗುರುಬೆಚ್ಚಗೆ ಹೊರಗಿದ್ದಷ್ಟು ಹೊತ್ತೂ ಅವು ಮೊಳೆತು ಹೆಚ್ಚುತ್ತವೆ. ಅವು ಬಿಡುವ ಒಂದು ಬಗೆಯ ವಿಷ ವಾಂತಿ ತರಿಸುತ್ತದೆ, ಮತ್ತೆ ಬಿಸಿ ಮಾಡಿದರೂ ಅದು ಹೋಗುವುದಿಲ್ಲ. ‘ಚೆನ್ನಾಗಿ ಬಿಸಿ ಮಾಡಿದರೆ ಆಯಿತು’ ಎಂಬ ಮಾತು ಅನ್ನದ ವಿಷಯದಲ್ಲಿ ಪೂರ್ತಿ ನಿಜವಲ್ಲ. ಆದ್ದರಿಂದ ಉಳಿದ ಅಡುಗೆ ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು. ನಮ್ಮ ಬಿಸಿಬೇಳೆಬಾತ್‌ನ ಗಡುವು ಹತ್ತು ಗಂಟೆಗೇ ಮುಗಿದಿತ್ತು.

ಎರಡನೆಯದು ಡಬ್ಬಿಯ ಆಳ. ಬಿಸಿಬೇಳೆಬಾತ್ ಗಟ್ಟಿ ಪದಾರ್ಥ. ಆಳವಾದ ಡಬ್ಬಿಯಲ್ಲಿ ಅಂಚು ತಣ್ಣಗಾದರೂ ನಡುಭಾಗ ಗಂಟೆಗಟ್ಟಲೆ ಬೆಚ್ಚಗಿರುತ್ತದೆ. ಅಗಲವಾದ ಡಬ್ಬಿಯಲ್ಲಿ ಎರಡು ಬೆರಳು ಎತ್ತರಕ್ಕೆ ಹರಡಿ, ಹಬೆ ಅಡಗಿದ ಮೇಲೆ ಮುಚ್ಚಿ ಇಟ್ಟರೆ ಬೇಗ ತಣಿಯುತ್ತದೆ.

ಹೊತ್ತಿಗೆ ಸರಿಯಾಗಿ ಇಟ್ಟ ಬೇಯಿಸಿದ ಅಡುಗೆಗೆ ಸಾಮಾನ್ಯವಾಗಿ ಮೂರರಿಂದ ನಾಲ್ಕು ದಿನ ಹೇಳುತ್ತಾರೆ. ದಿನಕ್ಕೆ ಐವತ್ತು ಸಲ ಬಾಗಿಲು ತೆಗೆಯುವ ಹಾಸ್ಟೆಲ್ ಫ್ರಿಜ್‌ಗೆ ನಾನು ಮೂರು ದಿನವೇ ಕೊನೆ ಎನ್ನುತ್ತೇನೆ. ಕಾಯಿಚಟ್ನಿಗೆ ಮರುದಿನವೇ ಕೊನೆ. ಹಾಲಿಗೆ ಪ್ಯಾಕೆಟ್ ಮೇಲಿನ ದಿನಾಂಕ ಇದೆಯಾದರೂ ಅದು ಒಡೆಯದ ಪ್ಯಾಕೆಟ್‌ಗೆ. ಕತ್ತರಿಸಿದ ದಿನ ಬೇರೆಯಾಗಿ ಬರೆಯಿರಿ.

ಮೂಸಿ ನೋಡಿ ತೀರ್ಮಾನಿಸುವವರು ಪ್ರತಿ ಹಾಸ್ಟೆಲ್‌ನಲ್ಲೂ ಇರುತ್ತಾರೆ. ವಾಸನೆ ಬಂದದ್ದು ಕೆಟ್ಟಿದೆ, ಸರಿ. ಆದರೆ ವಾಸನೆ ಬರದ್ದೆಲ್ಲ ಒಳ್ಳೆಯದಲ್ಲ. ಕಾಯಿಲೆ ತರುವ ಬ್ಯಾಕ್ಟೀರಿಯಾ ಅಡುಗೆಯ ರುಚಿ, ವಾಸನೆ ಬದಲಿಸದೆಯೂ ಇರಬಲ್ಲದು. ಚೀಟಿಯನ್ನು ನಂಬಬೇಕು, ಮೂಗನ್ನಲ್ಲ.

ದೋಸೆಹಿಟ್ಟಿನ ಪ್ರಕರಣ

ಫ್ರಿಜ್‌ನ ತಂಪು ಹುಳಿ ಬರುವುದನ್ನು ನಿಧಾನ ಮಾಡುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಕಂಠದ ತನಕ ಹಿಟ್ಟು ತುಂಬಿ ಮುಚ್ಚಳ ಬಿಗಿದ ಡಬ್ಬಿಯೊಂದು ಒಂದು ರಾತ್ರಿ ಉಕ್ಕಿತು. ಬೆಳಿಗ್ಗೆ ಬಾಗಿಲು ತೆಗೆದರೆ ಮೇಲಿನ ತಟ್ಟೆಯಿಂದ ಕೊತ್ತಂಬರಿ ಸೊಪ್ಪಿನ ಟ್ರೇವರೆಗೆ ಬಿಳಿ ಧಾರೆ, ಬೀಡಿಂಗ್‌ನ ಮಡಿಕೆಯೊಳಗೂ ಹಿಟ್ಟು. ಒಣಗಿದ ಉದ್ದಿನ ಹಿಟ್ಟು ಗೋಂದಿನ ಹಾಗೆ ಹಿಡಿಯುತ್ತದೆ. ಒಂದು ಲೀಟರ್ ಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ ಅಡುಗೆ ಸೋಡಾ ಕದಡಿ, ಬಟ್ಟೆಯಲ್ಲಿ ನೆನೆಸಿ ನೆನೆಸಿ ಒರೆಸಬೇಕಾಯಿತು. ಮಡಿಕೆಗಳಿಗೆ ಹಳೆಯ ಟೂತ್‌ಬ್ರಷ್. ಆ ದಿನದಿಂದ ನೋಟಿಸ್‌ಗೆ ಒಂದು ಸಾಲು ಸೇರಿತು: ಹಿಟ್ಟಿನ ಡಬ್ಬಿ ಅರ್ಧ ಮಾತ್ರ ತುಂಬಿ, ಮುಚ್ಚಳ ಬಿಗಿಯಬೇಡಿ.

ಭಾನುವಾರ ಖಾಲಿ ಮಾಡುವ ಕ್ರಮ

ವಾರಕ್ಕೊಮ್ಮೆ ಖಾಲಿ ಮಾಡಿದರೆ ಸಾಕು ಎಂದುಕೊಳ್ಳುವುದು ತಪ್ಪು. ಭಾನುವಾರ ಮಧ್ಯಾಹ್ನ ಇಟ್ಟ ಹುಳಿ ಮುಂದಿನ ಭಾನುವಾರದ ತನಕ ಏಳು ದಿನ ಕೂತಿರುತ್ತದೆ. ಅದನ್ನು ಬುಧವಾರವೇ ಎತ್ತಬೇಕಾದವರು ಅದರ ಒಡತಿ. ಭಾನುವಾರದ ಕೆಲಸ ಮರೆತುಹೋದದ್ದನ್ನು ಹಿಡಿಯಲು ಹಾಕಿದ ಬಲೆ, ಅಷ್ಟೇ.

ಬೆಳಿಗ್ಗೆ ಹತ್ತು ಗಂಟೆ ಸರಿಯಾದ ಹೊತ್ತು. ಊರಿಗೆ ಹೋದವರು ಭಾನುವಾರ ರಾತ್ರಿ ಚಟ್ನಿ, ಪಲ್ಯ, ಒಬ್ಬಟ್ಟಿನ ಸಾರು ಹೊತ್ತು ಬರುತ್ತಾರೆ, ಅಷ್ಟರೊಳಗೆ ಜಾಗ ಆಗಿರಬೇಕು. ಶನಿವಾರ ರಾತ್ರಿ ಸರದಿಯವರು ಮೂರೂ ತಟ್ಟೆಗಳ ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾರೆ. ಚೀಟಿಯಿಲ್ಲದ ಡಬ್ಬಿಯ ಒಡತಿಗೆ ಅದೇ ಕೊನೆಯ ಕರೆ. ಸರದಿ ಒಬ್ಬರದಲ್ಲ, ಇಬ್ಬರದು, ಅದೂ ಬೇರೆ ಬೇರೆ ರೂಮಿನವರದು. ಒಬ್ಬರೇ ಎಸೆದರೆ ‘ನನ್ನ ತುಪ್ಪ ನೀನೇ ತೆಗೆದೆ’ ಎಂಬ ಮಾತು ಬರುತ್ತದೆ.

ಬೆಂಗಳೂರಿನಲ್ಲಿ ಅಡುಗೆ ಉಳಿಕೆ ಹಸಿ ಕಸ, ಹಸಿರು ಬುಟ್ಟಿಗೆ. ಸಾರು, ಹುಳಿಯನ್ನು ಜರಡಿಯಲ್ಲಿ ಬಸಿದು ಗಟ್ಟಿ ಭಾಗವನ್ನಷ್ಟೇ ಹಾಕಬೇಕು. ಟೇಪ್, ಪ್ಲಾಸ್ಟಿಕ್ ಅದರೊಳಗೆ ಬೀಳಬಾರದು.

ಮುಟ್ಟಬಾರದ ವಸ್ತು ಒಂದೇ, ಔಷಧಿ. ಇನ್ನೂ ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು, ಒಮ್ಮೆ ಹೆಪ್ಪುಗಟ್ಟಿದರೆ ಬಳಸುವಂತಿಲ್ಲ. ಅದನ್ನು ‘ಔಷಧಿ’ ಎಂದು ಬರೆದ ಬೇರೆ ಡಬ್ಬಿಯಲ್ಲಿ, ಫ್ರೀಜರಿನಿಂದ ದೂರ, ನಡುವಿನ ತಟ್ಟೆಯಲ್ಲಿಡಿ.

ಡಬ್ಬಿಯ ಪ್ರಶ್ನೆ

ಹಳಸಿದ್ದನ್ನು ಜನ ಏಕೆ ಎಸೆಯುವುದಿಲ್ಲ? ಸೋಮಾರಿತನ ಎನ್ನುತ್ತಾರೆ. ನನಗೆ ಕಂಡ ಕಾರಣ ಬೇರೆ. ಅಡುಗೆ ಹಳಸಿದರೂ ಡಬ್ಬಿ ಅಮ್ಮ ಕೊಟ್ಟದ್ದು, ಮೇಲೆ ಹೆಸರು ಕೆತ್ತಿದ್ದು. ಬೇರೆಯವರಿಗೆ ಅದನ್ನು ಮುಟ್ಟಲು ಸಂಕೋಚ, ಒಡತಿಗೆ ತೆರೆಯಲು ಭಯ. ಹೀಗಾಗಿ ನೋಟಿಸ್‌ನಲ್ಲಿ ಅಡುಗೆಯನ್ನೂ ಡಬ್ಬಿಯನ್ನೂ ಬೇರೆ ಮಾಡಿದೆವು. ಅಡುಗೆ ಕಸಕ್ಕೆ, ಡಬ್ಬಿಯನ್ನು ಸರದಿಯವರು ತೊಳೆದು ಸಿಂಕ್ ಪಕ್ಕದ ಬುಟ್ಟಿಯಲ್ಲಿಡುತ್ತಾರೆ, ಹದಿನೈದು ದಿನ ಅಲ್ಲಿರುತ್ತದೆ. ತೊಳೆಸಿಕೊಂಡವರು ಮುಂದಿನ ವಾರ ಫ್ರಿಜ್ ಒರೆಸಬೇಕು. ದಂಡಕ್ಕಿಂತ ಇದು ಹೆಚ್ಚು ನಡೆಯಿತು.

ಬಾಗಿಲ ಮೇಲಿನ ಬರಹ

ಕೊನೆಗೆ ನಮ್ಮ ನೋಟಿಸ್ ಹೀಗೆ ನಿಂತಿತು:

> ಡಬ್ಬಿಯ ಮೈಮೇಲೆ ರೂಮ್ ನಂಬರ್, ಇಟ್ಟ ದಿನ, ಕೊನೆಯ ದಿನ ಬರೆಯಿರಿ. ಟೇಪ್, ಮಾರ್ಕರ್ ಪಕ್ಕದಲ್ಲೇ ಇದೆ.
> ಬೇಯಿಸಿದ್ದು ಎರಡು ಗಂಟೆಯೊಳಗೆ ಒಳಗೆ, ಮೂರು ದಿನದಲ್ಲಿ ಹೊರಗೆ.
> ದೋಸೆಹಿಟ್ಟು ಅರ್ಧ ಡಬ್ಬಿ ಮಾತ್ರ.
> ಬೇರೆಯವರದ್ದು ಬೇಕಿದ್ದರೆ ಕೇಳಿ. ‘ಎಲ್ಲರದು’ ಎಂದಿರುವ ಪಾಲಿನಲ್ಲಿದ್ದರೆ ಕೇಳಬೇಕಿಲ್ಲ.
> ಭಾನುವಾರ ಬೆಳಿಗ್ಗೆ 10ಕ್ಕೆ, ದಿನ ಮೀರಿದ್ದು ಮತ್ತು ಚೀಟಿಯಿಲ್ಲದ್ದು ಕಸಕ್ಕೆ, ಡಬ್ಬಿ ಬುಟ್ಟಿಗೆ. ಔಷಧಿ ಮುಟ್ಟುವಂತಿಲ್ಲ.
> ಕರೆಂಟ್ ಹೋದರೆ ಬಾಗಿಲು ತೆಗೆಯಬೇಡಿ. ಮುಚ್ಚಿದ್ದರೆ ನಾಲ್ಕು ಗಂಟೆ ತಂಪು ಉಳಿಯುತ್ತದೆ.

ಕೆಳಗೆ ಸರದಿಯ ಪಟ್ಟಿ, ಅಷ್ಟೇ. ನಿಮ್ಮ ಹಾಸ್ಟೆಲ್‌ನಲ್ಲಿ ಇದನ್ನು ಹಾಕುವುದಾದರೆ ಟೇಪ್ ಸುರುಳಿ ಮುಗಿಯುವ ಮೊದಲೇ ಇನ್ನೊಂದು ತಂದಿಡಿ. ನಮ್ಮಲ್ಲಿ ಟೇಪ್ ಇಲ್ಲದ ಒಂದೇ ವಾರದಲ್ಲಿ ಹೆಸರಿಲ್ಲದ ಹನ್ನೊಂದು ಡಬ್ಬಿಗಳು ಸೇರಿದ್ದವು.