ಬಾಯಿ ಮ್ಯಾಲೆ ಕೈ ಯಾಕ ಹೋಗತೈತಿ?

ಹೋದ ತಿಂಗಳ ನಮ್ಮ ಓಣ್ಯಾಗಿನ ಮದಿವಿ ವಿಡಿಯೊ ಹಾಕ್ಕೊಂಡು ನೋಡಾಕತ್ತಿದ್ವಿ. ಅಮೆರಿಕಾದಾಗಿರೋ ಮದುಮಗಳ ಅಣ್ಣ ಬರೂದಿಲ್ಲ ಅಂತ ಹೇಳಿದಾಂವ, ಅಕ್ಷತಿ ಹೊತ್ತಿಗೆ ಹಂದರದಾಗ ಬಂದು ನಿಂತಬಿಟ್ಟಿದ್ದ. ಸಾಲಾಗಿ ಕುಂತ ನಾವು ಹೆಣ್ಣಮಕ್ಕಳು ಎಲ್ಲಾರೂ ಒಮ್ಮೆಲೇ ಬಾಯಿ ಮ್ಯಾಲೆ ಕೈ ಇಟ್ಕೊಂಡೇವಿ. ಒಬ್ಬರನ್ನ ನೋಡಿ ಒಬ್ಬರು ಮಾಡಿದ್ದಲ್ಲ. ಅದನ್ನ ನೋಡಿ ಎದರಮನಿ ವೈನಿ, "ಬಾಯಿ ಮುಚ್ಚಕೊಳ್ಳೂದನ್ನ ನಮಗ ಸಣ್ಣವರಿದ್ದಾಗಿಂದ ಕಲಿಸ್ಯಾರಲ್ಲ, ಅದಕ್ಕ" ಅಂದ್ರು. ಎಲ್ಲಾರೂ ನಕ್ಕಿವಿ. ಆದ್ರ ಮಾತು ನನ್ನ ತಲ್ಯಾಗ ಉಳದಬಿಡ್ತು. ಖರೇನ ಇದು ಬರೇ ಹೆಣ್ಣಮಕ್ಕಳ ಚಾಳಿ ಏನು?

ಇದನ್ನ ನಮಗಿಂತ ಭಾಳ ಮೊದಲು ಒಬ್ಬರು ವಿಚಾರ ಮಾಡ್ಯಾರ. ಮಂಗ್ಯಾನಿಂದ ಮನಷ್ಯಾ ಅಂತ ಸಾಲ್ಯಾಗ ಹೇಳಿಕೊಡ್ತಿದ್ರಲ್ಲ, ಅದ ಡಾರ್ವಿನ್ ಸಾಹೇಬ್ರು. 1867ರಾಗ ಅವರು ಹದಿನಾರು ಪ್ರಶ್ನೆ ಬರದು ದೇಶದೇಶಕ್ಕ ಕಳಿಸಿದ್ರು. ಸಿಟ್ಟು ಬಂದ್ರ ನಿಮ್ಮ ಕಡೆ ಮಂದಿ ಮಾರಿ ಹೆಂಗ ಮಾಡ್ತಾರ, ಗಾಬರಿ ಆದ್ರ ಹೆಂಗ ಮಾಡ್ತಾರ ಅಂತ. ನಮ್ಮ ದೇಶದಿಂದ ಕಲಕತ್ತಾದ ಸಸ್ಯತೋಟದಾಗಿದ್ದ ಸ್ಕಾಟ್ ಅನ್ನೋರು ತ್ವಾಟದ ಆಳುಗಳನ್ನ ಭಾಳ ದಿನ ನೋಡಿ ಬರದು ಕಳಿಸಿದ್ರು. 1872ರಾಗ ಇದೆಲ್ಲಾ ಪುಸ್ತಕ ಆತು.

ಆಶ್ಚರ್ಯ ಆದಾಗ ಬಾಯಿ ಯಾಕ ತೆರೀತೈತಿ ಅನ್ನೂದಕ್ಕ ಅವರ ಹತ್ರ ಉತ್ತರ ಇತ್ತು. ಓಡಬೇಕಾದೀತು ಅಂತ ಮೈ ದೊಡ್ಡ ಉಸರು ಎಳಕೊಳ್ಳತೈತಿ, ಬಾಯಿಂದ ಉಸರಾಡಿದ್ರ ಸಪ್ಪಳ ಕಡಿಮಿ ಆಗಿ ಕಿವಿಗೆ ಛಲೋ ಕೇಳಸತೈತಿ. ಆದ್ರ ಹಂಗ ತೆರೆದ ಬಾಯಿ ಮ್ಯಾಲೆ ಕೈ ಯಾಕ ಹೋಗತೈತಿ? ಇದಕ್ಕ ನನ್ನ ಕಡೆ ಉತ್ತರ ಇಲ್ಲ ಅಂತ ಅವರು ಸೀದಾ ಬರದುಬಿಟ್ಟಾರ. ಅಷ್ಟು ದೊಡ್ಡ ಮನಷ್ಯಾ ಹಂಗ ಒಪ್ಪಕೊಂಡದ್ದು ನನಗ ಛಲೋ ಅನಸ್ತು.

ಆದ್ರ ಉದಾಹರಣಿ ಮಾತ್ರ ಕೊಟ್ಟಾರ. ಆಸ್ಟ್ರೇಲಿಯಾದ ಮೂಲನಿವಾಸಿ ಒಬ್ಬನ್ನ ಸರಕಾರಿ ಕಾಗದಪತ್ರ ತುಂಬಿದ ದೊಡ್ಡ ಖೋಲ್ಯಾಗ ಕರಕೊಂಡು ಹೋದಾಗ, ಆಂವ ಲೊಚ್ ಲೊಚ್ ಅನ್ನಕೋತ ಹಿಂಗೈ ತುಟಿ ಕಡೆ ಒಯ್ದನಂತ. (ಅಷ್ಟು ಕಾಗದ ನೋಡಿದ್ರ ನಾನೂ ಹಂಗ ಮಾಡ್ತಿದ್ದೆ.) ಆಫ್ರಿಕಾದ ಪಡುವಣ ದಂಡಿ ಮಂದಿ, ಅಮೆರಿಕಾದ ಬುಡಕಟ್ಟಿನವರು, ಇವರೂ ಬಾಯಿ ಮ್ಯಾಲೆ ಕೈ ಇಡ್ತಾರ. ಒಬ್ಬರ ಭಾಷಾ ಒಬ್ಬರಿಗೆ ಬರದ ಇಷ್ಟು ಮಂದಿ ಮಾಡ್ತಾರಂದ್ರ ಇದಕ್ಕ ಏನೋ ಹುಟ್ಟಗುಣದ ಕಾರಣ ಇರಬೇಕು ಅಂದ್ರು ಡಾರ್ವಿನ್. ವೈನಿ ಮಾತು ಇಲ್ಲಿಗೆ ಅರ್ಧ ಬಿದ್ದಹೋತು.

ಪುಸ್ತಕ ಬಂದ ಮರುವರ್ಷ, 1873ರಾಗ, ವಿಯೆನ್ನಾದ ಗೊಂಪರ್ಜ್ ಅನ್ನೋ ಪ್ರೊಫೆಸರ್ ಅವರಿಗೆ ಕಾಗದ ಬರದ್ರು. ಹಿಂದಕ ಅಡವ್ಯಾಗ ಇದ್ದ ಮನಷ್ಯಾಗ ಆಶ್ಚರ್ಯ ಯಾವಾಗ ಆಗ್ತಿತ್ತು? ಒಮ್ಮೆಲೇ ಪ್ರಾಣಿ ಕಂಡಾಗ, ಇಲ್ಲಾ ಅದರ ಸಪ್ಪಳ ಕೇಳಿದಾಗ. ಆವಾಗ ಚೀರಬಾರದು. ಅದಕ್ಕ ಕೈ ಬಾಯಿ ಮ್ಯಾಲೆ ಹೋಗಾಕತ್ತು, ಮುಂದ ಚೀರಿದ್ರೂ ನಡೀತೈತಿ ಅನ್ನೋ ಹೊತ್ತಿನ್ಯಾಗೂ, ಒಬ್ಬರ ಇದ್ದಾಗೂ, ರೂಢಿ ಉಳೀತು ಅಂತ. ಡಾರ್ವಿನ್ ತೀರಿಕೊಂಡ ಮ್ಯಾಲೆ ಮಗ ಫ್ರಾನ್ಸಿಸ್ ತಂದ ಎರಡನೆ ಆವೃತ್ತಿಯೊಳಗ ಇದು ಅಡಿಟಿಪ್ಪಣಿ ಆಗಿ ಸೇರೇತಿ.

ಅದನ್ನ ಓದಿದಾಗ ನನಗ ನಮ್ಮವ್ವ ನೆನಪಾದ್ಳು. ನಾನು ಒಂಬತ್ತು ವರ್ಷದಾಕಿ. ಅಡಗಿಮನ್ಯಾಗ ಕಟಗಿ ಒಟ್ಟಿದ ಮೂಲ್ಯಾಗಿಂದ ನಾಗರಹಾವು ಹೊರಗ ಬಂತು. ಎರಡು ಮೊಳ ಆಚೆ ಚಾಪಿ ಮ್ಯಾಲೆ ತಮ್ಮ ಮಲಗಿದ್ದ. ಅವ್ವ ಎಡಗೈ ತನ್ನ ಬಾಯಿಗೆ ಒತ್ತಿ ಹಿಡದು, ಬಲಗೈ ನನ್ನ ಕಡೆ ಚಾಚಿ, ಅಲ್ಲೇ ನಿಲ್ಲು ಅಂತ ಸನ್ನಿ ಮಾಡಿದ್ಳು. ಹಾವಿಗೆ ನಮ್ಮ ಕೂಗು ಅಷ್ಟು ಕೇಳೂದಿಲ್ಲ ಅಂತಾರ, ಆದ್ರ ಕೂಸು ಎಚ್ಚರಾಗಿ ಕೈಕಾಲು ಆಡಿಸಿದ್ರ? ಹಾವು ಬಚ್ಚಲ ತೂತಿನಿಂದ ಹೊರಗ ಹೋಗೋತನಾ ಅವ್ವ ಕೈ ತಗೀಲಿಲ್ಲ. ಹೋದ ಮ್ಯಾಲೆ ತಗದ್ಳು ನೋಡ್ರಿ, ಆ ಚೀರಿದ್ದು ಅಗಸಿತನಾ ಕೇಳಿತ್ತು.

ಆದ್ರ ಎಲ್ಲಾ ಹುಟ್ಟಗುಣ ಅನ್ನಾಕೂ ಬರೂದಿಲ್ಲ. ಅಬಿಸೀನಿಯಾದವರು ಬಲಗೈ ಹಣಿಗೆ ಇಡ್ತಾರ ಅಂತ ಅದ ಪುಸ್ತಕದಾಗೈತಿ. ಪರ್ಶಿಯಾದ ಹಳೇ ಚಿತ್ರದಾಗ, ಜಳಕಾ ಮಾಡೋ ಶಿರೀನಳನ್ನ ಕಂಡ ಖುಸ್ರೋ ರಾಜ ಒಂದ ಬೆರಳು ತುಟಿಗೆ ಹಚ್ಚಕೊಂಡು ಕುದರಿ ಮ್ಯಾಲೆ ಕುಂತಿರ್ತಾನ. ನಾವಂತೂ ಮೂಗಿನ ಮ್ಯಾಲೆ ಬೆರಳು ಇಡೋ ಮಂದಿ. ನಮ್ಮತ್ತಿ ಹಂಗ ಮಾಡ್ತಿದ್ರು, ನನ್ನ ಮಗಳು ಮಾಡೂದಿಲ್ಲ, ಆಕಿ ಎರಡೂ ಕೈ ಬಾಯಿಗೆ ಒಯ್ತಾಳ. ಕೈ ಮ್ಯಾಲೆ ಏಳೂದು ಹುಟ್ಟಿನಿಂದ ಬಂದದ್ದು, ಎಲ್ಲಿ ಹೋಗಿ ನಿಲ್ಲತೈತಿ ಅನ್ನೂದು ಮಂದಿ ನೋಡಿ ಕಲತದ್ದು ಅಂತ ನನಗ ಅನಸತೈತಿ. ವೈನಿ ಮಾತಿನ ಉಳದ ಅರ್ಧಕ್ಕ ಇಲ್ಲಿ ಜಾಗಾ ಐತಿ.

ನಿನ್ನೆ ವಿಡಿಯೊ ಮತ್ತೊಮ್ಮೆ ಹಚ್ಚಿ ಹಿಂದಿನ ಸಾಲು ನೋಡಿದೆ. ಅಲ್ಲೆ ನಮ್ಮ ಮನಿಯವರು ನಿಂತಿದ್ರು, ಅಂಗೈ ಪೂರಾ ಬಾಯಿ ಮ್ಯಾಲೆ. ವೈನೀನ್ನ ಕರದು ತೋರಿಸೇನಿ.