ಎಸ್ಕಲೇಟರ್ ಲೆಕ್ಕಗಳು

ಚಲಿಸುತ್ತಿರುವ ಸೋಪಾನದ ಮೇಲೆ ನಡೆಯುವವನು ತುಳಿದ ಮೆಟ್ಟಿಲುಗಳ ಎಣಿಕೆಯಿಂದ, ಅದು ನಿಶ್ಚಲವಾಗಿದ್ದಾಗ ಕಣ್ಣಿಗೆ ಕಾಣುವ ಮೆಟ್ಟಿಲುಗಳ ಸಂಖ್ಯೆಯನ್ನು ಕಂಡುಹಿಡಿಯುವ, ಸಾಪೇಕ್ಷ ವೇಗವನ್ನು ಆಧರಿಸಿದ ಸಮಸ್ಯೆಗಳು. ಸೋಪಾನದ ಗತಿಯೊಡನೆ ನಡೆದರೆ, ತುಳಿದ ಮೆಟ್ಟಿಲುಗಳಿಗೆ ಆ ಅವಧಿಯಲ್ಲಿ ಸೋಪಾನವೇ ಸಾಗಿಸಿದ ಮೆಟ್ಟಿಲುಗಳನ್ನು ಕೂಡಿಸಬೇಕು. ಎದುರಾಗಿ ನಡೆದರೆ ಕಳೆಯಬೇಕು.

ಮೇಲಕ್ಕೆ ಸಾಗುವ ಸೋಪಾನವೊಂದನ್ನು ಒಬ್ಬನು 30 ಮೆಟ್ಟಿಲು ತುಳಿದು ಏರಿ, ಅದೇ ವೇಗದಿಂದ ಅದರಲ್ಲಿಯೇ 60 ಮೆಟ್ಟಿಲು ತುಳಿದು ಇಳಿದನೆಂದು ಭಾವಿಸೋಣ. ಇಳಿಯಲು ಇಮ್ಮಡಿ ಕಾಲ ಹಿಡಿದುದರಿಂದ, ಏರುವಾಗ ಸೋಪಾನ ಸಾಗಿಸಿದ ಮೆಟ್ಟಿಲುಗಳು x ಆದರೆ ಇಳಿಯುವಾಗ ಅದು ಹಿಂದಕ್ಕೆಳೆದವು 2x; ಆದಕಾರಣ 30 + x = 60 − 2x, x = 10, ಕಾಣುವ ಮೆಟ್ಟಿಲುಗಳು 40.

ಎರಡು ಎಣಿಕೆಗಳ ಸರಾಸರಿಯಾದ 45ನ್ನೇ ಉತ್ತರವೆಂದು ಬಗೆಯುವುದು ಸಾಮಾನ್ಯ ಪ್ರಮಾದ. ಹಾಗಿದ್ದರೆ ಏರುವಾಗ 15 ಮೆಟ್ಟಿಲುಗಳ ನೆರವೂ, ಇಳಿಯುವಾಗ ಅದರ ಇಮ್ಮಡಿಯಾದ 30ರ ನಷ್ಟವೂ ಉಂಟಾಗಿ, ಇಳಿದುದು 30 ಮೆಟ್ಟಿಲು ಮಾತ್ರವೆಂದಾಗುವುದು. ನಿಜವಾದ ಉತ್ತರ ಆ ಎಣಿಕೆಗಳ ಹರಾತ್ಮಕ ಮಾಧ್ಯ, ಎಂದರೆ ಅವುಗಳ ಗುಣಲಬ್ಧದ ಇಮ್ಮಡಿಯನ್ನು ಮೊತ್ತದಿಂದ ಭಾಗಿಸಿದುದು. ನಡೆಯುವವನ ವೇಗ ಎರಡು ಸಲವೂ ಒಂದೇ ಆಗಿರಬೇಕು. ಎದುರು ನಡೆಯುವಾಗ ಅದು ಸೋಪಾನದ ವೇಗವನ್ನು ಮೀರಿರಬೇಕು, ಇಲ್ಲವಾದರೆ ಆತನು ತುದಿಯನ್ನು ಮುಟ್ಟಲಾರನು.