ಎರಡು ಬಣ್ಣದ ಬ್ರಿಯೋಶ್: ಎಣಿಸುವ ಕೈಯಿಂದ ಓದುವ ಕಣ್ಣಿಗೆ

ಬ್ರಿಯೋಶ್ ಹೆಣಿಗೆಯ ಹಳೆಯ ಸೂತ್ರ ಒಂದೇ ಸಾಲಿನದು. ನೂಲನ್ನು ಮುಂದಕ್ಕೆ ತನ್ನಿ, ಒಂದು ಕುಣಿಕೆಯನ್ನು ಹೆಣೆಯದೆ ದಾಟಿಸಿ, ಮುಂದಿನ ಎರಡನ್ನು ಒಟ್ಟಿಗೆ ನಿಟ್ ಮಾಡಿ. ಸಾಲಿನ ಕೊನೆಯವರೆಗೂ ಇಷ್ಟೇ, ತಿರುಗಿಸಿದ ಮೇಲೂ ಇಷ್ಟೇ. ಮಿಸ್ ಲ್ಯಾಂಬರ್ಟ್ 1843ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ‘ಮೈ ನಿಟಿಂಗ್ ಬುಕ್’ನಲ್ಲಿ ಬ್ರಿಯೋಶ್ ಎಂಬ ಮೆತ್ತೆಯೊಂದಿದೆ. ಅದೇ ಹೆಸರಿನ ಫ್ರೆಂಚ್ ಬನ್ನಿನ ಆಕಾರದ್ದಾದ್ದರಿಂದ ಅದಕ್ಕೆ ಆ ಹೆಸರು ಬಂತು; ಕ್ರಮೇಣ ಹೆಣಿಗೆಗೂ ಅಂಟಿಕೊಂಡಿತು. ಜರ್ಮನರು ಇದೇ ಬಟ್ಟೆಯನ್ನು ಪಾಟೆಂಟ್ ಅನ್ನುತ್ತಾರೆ. ಹೆಣಿಗೆ ಯಂತ್ರಗಳ ಕಾರ್ಖಾನೆಯಲ್ಲಿ ಇದು ಫುಲ್ ಕಾರ್ಡಿಗನ್. ಉಬ್ಬುಗೆರೆಗಳಿರುವ, ದಪ್ಪನೆಯ, ಎರಡೂ ಮಗ್ಗುಲು ಒಂದೇ ಥರ ಕಾಣುವ, ಎಳೆದರೆ ಹಿಗ್ಗುವ ಬಟ್ಟೆ.

ಮಫ್ಲರ್ ಹೆಣೆಯುವವರಿಗೆ ಆ ಒಂದು ಸಾಲಿನ ಸೂತ್ರ ಸಾಕಾಗಿತ್ತು. ಬಟ್ಟೆಗೆ ಆಕಾರ ಕೊಡಲು ಹೊರಟಾಗ ಅದರ ಕೊರತೆ ಎದ್ದು ಕಾಣುತ್ತದೆ. ಬೇರೆಲ್ಲ ಹೆಣಿಗೆಯಲ್ಲಿ ‘ಎರಡನ್ನು ಒಟ್ಟಿಗೆ’ ಅಂದರೆ ಒಂದು ಕಡಿಮೆಯಾಯಿತು, ನೂಲು ಸುತ್ತಿದರೆ ಒಂದು ಹೆಚ್ಚಾಯಿತು. ಬ್ರಿಯೋಶಿನಲ್ಲಿ ಇವೆರಡೂ ಪ್ರತಿ ಹೆಜ್ಜೆಗೂ ನಡೆಯುತ್ತವೆ, ಆದರೆ ಏನೂ ಕೂಡುವುದಿಲ್ಲ, ಕಳೆಯುವುದೂ ಇಲ್ಲ. ಆಮೇಲೆ ನಿಜವಾಗಿಯೂ ಇಳಿಸಬೇಕಾದಾಗ, ನಿಜವಾಗಿಯೂ ಹೆಚ್ಚಿಸಬೇಕಾದಾಗ, ಅದಕ್ಕೆ ಬೇರೆ ಮಾತೇ ಇರಲಿಲ್ಲ. ಬಾರ್ಬರಾ ವಾಕರ್ 1968ರಲ್ಲಿ ತಂದ ವಿನ್ಯಾಸಗಳ ಭಂಡಾರದಲ್ಲಿ ಬ್ರಿಯೋಶ್ ವರ್ಗಕ್ಕೆ ಜಾಗ ಸಿಕ್ಕಿತು. ಆದರೂ ಬಹುಪಾಲು ಅದು ನೇರ ಗೆರೆಗಳ ಬಟ್ಟೆಯಾಗಿಯೇ ಉಳಿಯಿತು. ಎಲೆ, ಬಳ್ಳಿ, ಅಲೆ ಇವೆಲ್ಲ ಬರಲು ಇನ್ನೂ ಸುಮಾರು ನಲವತ್ತು ವರ್ಷ ಹಿಡಿಯಿತು.

ಆ ತಿರುವು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನೆಲೆಸಿದ ಅಮೆರಿಕನ್ ವಿನ್ಯಾಸಕಿ ನ್ಯಾನ್ಸಿ ಮಾರ್ಚಂಟ್ ಅವರದು. 2009ರ ‘ನಿಟಿಂಗ್ ಬ್ರಿಯೋಶ್’ ಪುಸ್ತಕದಲ್ಲಿ ಅವರು ಕುಣಿಕೆಯನ್ನೂ ಅದರ ಮೇಲೆ ಬಿದ್ದ ಸುತ್ತನ್ನೂ ಸೇರಿಸಿ ಒಂದೇ ಘಟಕ ಮಾಡಿದರು. ಆ ಜೋಡಿಯನ್ನು ಒಟ್ಟಿಗೆ ನಿಟ್ ಮಾಡಿದರೆ ಬ್ರಿಯೋಶ್ ನಿಟ್, ಪರ್ಲ್ ಮಾಡಿದರೆ ಬ್ರಿಯೋಶ್ ಪರ್ಲ್. ಹೆಣೆಯುವವರ ಬಾಯಲ್ಲಿ ಇವು ಬಾರ್ಕ್ ಮತ್ತು ಬರ್ಪ್ ಆದವು. ನೂಲು ಸುತ್ತಿಕೊಂಡು ದಾಟಿಸುವುದು ಮೂರನೆಯ ಕ್ರಿಯೆ. ಹೊಸ ತಂತ್ರವೇನೂ ಇಲ್ಲಿಲ್ಲ, ಕೈ ಮಾಡುವುದು ಲ್ಯಾಂಬರ್ಟ್ ಕಾಲದ್ದನ್ನೇ. ಆದರೆ ನನ್ನ ಮಟ್ಟಿಗೆ ಈ ಕ್ಷೇತ್ರದ ಅತಿ ದೊಡ್ಡ ಹೆಜ್ಜೆ ಈ ಲೆಕ್ಕದ ಒಪ್ಪಂದವೇ. 2014ರಲ್ಲಿ ಬಂದ ಅವರ ‘ನಿಟಿಂಗ್ ಫ್ರೆಶ್ ಬ್ರಿಯೋಶ್’ ಎರಡು ಬಣ್ಣದ ತಿರುವುಗಳಿಗೇ ಮೀಸಲಾಯಿತು. ಅದೇ ಊರಿನಲ್ಲಿ ನೆಲೆಸಿದ ಇನ್ನೊಬ್ಬ ಅಮೆರಿಕನ್ ಸ್ಟೀಫನ್ ವೆಸ್ಟ್ ತಮ್ಮ ದೊಡ್ಡ, ಗಾಢ ಬಣ್ಣದ ಶಾಲುಗಳ ಮೂಲಕ ಅದನ್ನು ಹೊಸ ತಲೆಮಾರಿಗೆ ತಲುಪಿಸಿದರು.

ಎರಡು ಬಣ್ಣ ಬಂದಾಗ ಏನು ಬದಲಾಗುತ್ತದೆ? ತಿಳಿ ಬಣ್ಣದ್ದೊಂದು, ಗಾಢ ಬಣ್ಣದ್ದೊಂದು ನೂಲು ಇಟ್ಟುಕೊಳ್ಳಿ. ಬಟ್ಟೆಯ ಮುಂಭಾಗದಲ್ಲಿ ತಿಳಿ ಗೆರೆಗಳು ಉಬ್ಬಿ ನಿಲ್ಲುತ್ತವೆ, ಗಾಢ ಗೆರೆಗಳು ಅವುಗಳ ನಡುವಿನ ತಗ್ಗಿನಲ್ಲಿರುತ್ತವೆ. ಹಿಂಭಾಗದಲ್ಲಿ ಇದೇ ತಿರುವುಮುರುವು. ಒಂದು ಸಾಲನ್ನು ಎರಡು ಸಲ ಹಾಯಬೇಕು. ಮೊದಲು ತಿಳಿ ನೂಲಿನಲ್ಲಿ ತಿಳಿ ಕುಣಿಕೆಗಳನ್ನು ಬಾರ್ಕ್ ಮಾಡುತ್ತಾ, ಗಾಢ ಕುಣಿಕೆಗಳನ್ನು ಸುತ್ತಿನೊಂದಿಗೆ ದಾಟಿಸುತ್ತಾ ಹೋಗುತ್ತೇವೆ. ಬಳಿಕ ಬಟ್ಟೆಯನ್ನು ತಿರುಗಿಸದೆ ಸರ್ಕ್ಯುಲರ್ ಸೂಜಿಯ ಇನ್ನೊಂದು ತುದಿಗೆ ಜಾರಿಸಿ, ಗಾಢ ನೂಲಿನಲ್ಲಿ ಗಾಢ ಕುಣಿಕೆಗಳನ್ನು ಬರ್ಪ್ ಮಾಡಿ, ತಿಳಿಯವನ್ನು ದಾಟಿಸುತ್ತೇವೆ. ಆಮೇಲೆ ತಿರುಗಿಸಬೇಕು. ಹಿಂಭಾಗದಲ್ಲಿ ತಿಳಿಗೆ ಬರ್ಪ್, ಗಾಢಕ್ಕೆ ಬಾರ್ಕ್. ಜಾರಿಸಬೇಕೋ ತಿರುಗಿಸಬೇಕೋ ಎಂಬ ಅನುಮಾನ ಬಂದರೆ ನೂಲಿನುಂಡೆಗಳನ್ನು ನೋಡಿದರೆ ಸಾಕು: ಎರಡೂ ನೂಲು ಒಂದೇ ತುದಿಯಲ್ಲಿದ್ದರೆ ತಿರುಗಿಸುವುದು, ಒಂದೊಂದು ತುದಿಯಲ್ಲಿ ಒಂದೊಂದಿದ್ದರೆ ಜಾರಿಸುವುದು.

ಈಗ ಸೂಜಿಯ ಮೇಲಿರುವುದನ್ನು ಓದುವ ಬಗೆ. ದಾಟಿಸಿದ ಪ್ರತಿ ಕುಣಿಕೆಯೂ ಸುತ್ತೊಂದನ್ನು ಶಾಲಿನಂತೆ ಹೊದ್ದಿರುತ್ತದೆ, ಮತ್ತು ಆ ಹೊದಿಕೆ ಯಾವಾಗಲೂ ಎದುರು ಬಣ್ಣದ್ದು. ತಿಳಿ ಕುಣಿಕೆಗಳ ಮೇಲೆ ಗಾಢ ಹೊದಿಕೆ ಕಂಡರೆ ಮುಂದಿನ ಸರದಿ ತಿಳಿ ನೂಲಿನದು. ಗಾಢದ ಮೇಲೆ ತಿಳಿ ಹೊದಿಕೆ ಇದ್ದರೆ ಗಾಢ ನೂಲಿನದು. ಹೊದ್ದಿರುವುದನ್ನು ಅದರದೇ ಬಣ್ಣದಲ್ಲಿ ಹೆಣೆಯಬೇಕು, ಬರಿ ಕುಣಿಕೆಗೆ ಹೊದಿಸಿ ದಾಟಿಸಬೇಕು. ನಡುವೆ ಎದ್ದು ಹೋಗಿ ವಾರ ಬಿಟ್ಟು ಬಂದು ಕೂತರೂ ಎಲ್ಲಿ ನಿಲ್ಲಿಸಿದ್ದು ಎಂದು ಸೂಜಿಯೇ ಹೇಳುತ್ತದೆ. ಸಾಲುಗಳ ಲೆಕ್ಕವೂ ಹೀಗೆಯೇ. ತಿಳಿ ಗೆರೆಯಲ್ಲಿ ಒಂದರ ಮೇಲೊಂದು ಕೂತ ‘ವಿ’ ಆಕಾರಗಳಲ್ಲಿ ಪ್ರತಿಯೊಂದೂ ಎರಡು ಹಾಯುವಿಕೆಯ ಒಂದು ಸಾಲು.

ಲೆಕ್ಕ ತಪ್ಪುವುದು ಏರಿಕೆಯಲ್ಲಿ. ತಿಳಿ ಮತ್ತು ಗಾಢ ಗೆರೆಗಳು ಒಂದರ ಪಕ್ಕ ಒಂದು ಇರಲೇಬೇಕಾದ್ದರಿಂದ ಇಲ್ಲಿ ಒಂದೊಂದಾಗಿ ಹೆಚ್ಚಿಸುವಂತಿಲ್ಲ, ಇಳಿಸುವಂತಿಲ್ಲ, ಎಲ್ಲವೂ ಎರಡೆರಡಾಗಿ. ಒಂದು ತಿಳಿ ಕುಣಿಕೆಯನ್ನು ಬಾರ್ಕ್ ಮಾಡಿ, ಎಡ ಸೂಜಿಯಿಂದ ಬಿಡದೆ, ನೂಲು ಸುತ್ತಿ, ಅದೇ ಕುಣಿಕೆಯಲ್ಲಿ ಮತ್ತೆ ಬಾರ್ಕ್ ಮಾಡಿದರೆ ಒಂದು ಮೂರಾಗುತ್ತದೆ. ಆ ನಡುವಿನ ಸುತ್ತನ್ನು ಗಮನಿಸಿ. ಇದುವರೆಗೆ ಕಂಡ ಸುತ್ತುಗಳೆಲ್ಲ ಹೊದಿಕೆಗಳು, ಲೆಕ್ಕಕ್ಕೆ ಬಾರದವು. ಇದೊಂದು ಮಾತ್ರ ಸ್ವಂತ ಕಾಲ ಮೇಲೆ ನಿಂತ ಕುಣಿಕೆ, ನಾಳೆಯ ಗಾಢ ಗೆರೆಯ ಬೇರು. ಗಾಢ ನೂಲಿನೊಂದಿಗೆ ಹಿಂದೆಯೇ ಬಂದಾಗ ಇದಕ್ಕೆ ಹೊದಿಕೆ ಇಲ್ಲದ್ದರಿಂದ ಬರ್ಪ್ ಸಾಧ್ಯವಿಲ್ಲ, ಸಾದಾ ಪರ್ಲ್ ಮಾಡಬೇಕು. ಅದರ ಎರಡು ಪಕ್ಕದ ತಿಳಿ ಕುಣಿಕೆಗಳನ್ನು ಎಂದಿನಂತೆ ಹೊದಿಸಿ ದಾಟಿಸಬೇಕು. ಕೈ ರೂಢಿಯ ಮೇಲೆ ಓಡುತ್ತಿದ್ದರೆ ಈ ಸುತ್ತನ್ನು ಪಕ್ಕದವನ ಹೊದಿಕೆಯೆಂದು ತಿಳಿದು ಜೊತೆಗೆ ಸೇರಿಸಿಬಿಡುತ್ತದೆ. ಆಗ ಹೊದ್ದ ಎರಡು ತಿಳಿ ಕುಣಿಕೆಗಳು ಒತ್ತಾಗಿ, ನಡುವೆ ಗಾಢ ಇಲ್ಲದೆ ನಿಲ್ಲುತ್ತವೆ. ಬಟ್ಟೆಯಲ್ಲಿ ಇದು ತಕ್ಷಣ ಕಾಣದು. ಸೂಜಿಯ ಮೇಲೆ ಮಾತ್ರ ಕೂಡಲೇ ಕಾಣುತ್ತದೆ.

ಇಳಿಕೆಯೂ ಮೂರರಿಂದ ಒಂದಕ್ಕೆ: ತಿಳಿ, ಗಾಢ, ತಿಳಿ. ಎಡಕ್ಕೆ ವಾಲುವ ಇಳಿಕೆಗೆ ಮೊದಲ ತಿಳಿ ಕುಣಿಕೆಯನ್ನು ಹೊದಿಕೆಸಮೇತ ನಿಟ್ ಮಾಡುವ ದಿಕ್ಕಿನಲ್ಲಿ ದಾಟಿಸಿ, ಮುಂದಿನ ಗಾಢ ಮತ್ತು ಹೊದ್ದ ತಿಳಿ ಎರಡನ್ನೂ ಒಟ್ಟಿಗೆ ನಿಟ್ ಮಾಡಿ, ದಾಟಿಸಿದ್ದನ್ನು ಅದರ ಮೇಲಿಂದ ಹಾಯಿಸಬೇಕು. ಬಲಕ್ಕೆ ವಾಲುವುದಕ್ಕೆ ಮೊದಲ ತಿಳಿಯನ್ನು ಹಾಗೆಯೇ ದಾಟಿಸಿ, ನಡುವಿನ ಗಾಢವನ್ನು ನಿಟ್ ಮಾಡಿ, ದಾಟಿಸಿದ್ದನ್ನು ಅದರ ಮೇಲೆ ಹಾಯಿಸಿ, ಉಳಿದ ಕುಣಿಕೆಯನ್ನು ಎಡ ಸೂಜಿಗೆ ಮರಳಿಸಿ, ಮೂರನೆಯದನ್ನು ಅದರ ಮೇಲಿಂದ ಹಾಯಿಸಿ ಬಲ ಸೂಜಿಗೆ ತರಬೇಕು. ಎರಡರಲ್ಲೂ ಸೂಜಿಯ ಮೇಲೆ ಐದು ಎಳೆಗಳಿರುತ್ತವೆ, ಕುಣಿಕೆ ಮೂರೇ. ಕೊನೆಗೆ ಮೇಲೆ ಬಂದು ಕೂತ ತಿಳಿ ಗೆರೆ ಯಾವುದೋ ಅದೇ ಕಣ್ಣಿಗೆ ಕಾಣುವ ಓಟ. ಇಳಿಕೆ ಯಾವಾಗಲೂ ಹೊದ್ದ ಕುಣಿಕೆಯಿಂದಲೇ ಶುರುವಾಗಬೇಕು. ಒಂದು ಕುಣಿಕೆ ಮುಂದೆ ಸರಿದು ಗಾಢದಿಂದ ಶುರು ಮಾಡಿದರೆ ಉಬ್ಬುಗೆರೆಯ ನಡುವೆ ತಪ್ಪು ಬಣ್ಣ ಕಲೆಯಂತೆ ಏಳುತ್ತದೆ.

ಒಂದು ಸಣ್ಣ ತುಣುಕಿನಲ್ಲಿ ಇದನ್ನು ನೋಡೋಣ. ಎರಡು ಅಂಚಿನ ಕುಣಿಕೆಗಳನ್ನು ಬಿಟ್ಟು 21 ಕುಣಿಕೆ: ತಿಳಿ 11, ಗಾಢ 10, ಎರಡೂ ತುದಿಯಲ್ಲಿ ತಿಳಿ. ಅಂಚಿನವನ್ನು ತಿಳಿ ಹಾಯುವಿಕೆಯಲ್ಲಿ ಹೆಣೆದು, ಗಾಢದಲ್ಲಿ ಸುಮ್ಮನೆ ದಾಟಿಸಿದರೆ ಸಾಕು. ಆಕಾರ ಕೊಡುವ ಸಾಲಿನಲ್ಲಿ, ತಿಳಿ ನೂಲಿನಿಂದ, ಮೊದಲ ತಿಳಿ ಎಂದಿನಂತೆ. ಎರಡು ಮತ್ತು ಮೂರನೆಯ ತಿಳಿ, ನಡುವಿನ ಗಾಢದೊಡನೆ, ಬಲಕ್ಕೆ ವಾಲುವ ಇಳಿಕೆಯಲ್ಲಿ ಒಂದಾಗುತ್ತವೆ. ನಾಲ್ಕು, ಐದು ಎಂದಿನಂತೆ. ಆರನೆಯದು ನಡುಮಧ್ಯದ ಗೆರೆ. ಅದರಲ್ಲಿ ಬಾರ್ಕ್, ಸುತ್ತು, ಬಾರ್ಕ್, ಸುತ್ತು, ಬಾರ್ಕ್ ಮಾಡಿ ಒಂದನ್ನು ಐದಾಗಿಸಬೇಕು. ಏಳು, ಎಂಟು ಎಂದಿನಂತೆ. ಒಂಬತ್ತು ಮತ್ತು ಹತ್ತು ಎಡಕ್ಕೆ ವಾಲುವ ಇಳಿಕೆಯಲ್ಲಿ ಸೇರುತ್ತವೆ. ಹನ್ನೊಂದನೆಯದು ಎಂದಿನಂತೆ. ನಡುವೆ ನಾಲ್ಕು ಬಂದವು, ಎರಡು ಪಕ್ಕದಲ್ಲಿ ಎರಡೆರಡು ಹೋದವು, ಮತ್ತೆ 21. ನಡುವಿನಿಂದ ಹುಟ್ಟಿದ ಗೆರೆಗಳು ಹೊರಕ್ಕೆ ಸರಿಯುತ್ತವೆ, ಇಳಿಕೆಗಳೂ ಅದೇ ದಿಕ್ಕಿಗೆ ವಾಲಿರುವುದರಿಂದ ಓಟ ಮುರಿಯುವುದಿಲ್ಲ. ಎಡಬಲ ಅದಲುಬದಲಾದರೆ ಲೆಕ್ಕ ಸರಿಯಾಗಿಯೇ ಇರುತ್ತದೆ, ಆದರೆ ಹರಿದು ಬಂದ ಗೆರೆ ಅಂಚಿನ ಗೆರೆಯ ಅಡಿಗೆ ಹೋಗಿ ಮಾಯವಾಗುತ್ತದೆ.

ಈ ಸಾಲಿನ ತಿಳಿ ಹಾಯುವಿಕೆ ಮುಗಿದ ಕೂಡಲೇ ಪರೀಕ್ಷಿಸಿ. ಸಾಧಾರಣ ತಿಳಿ ಹಾಯುವಿಕೆಯ ನಂತರ ಹತ್ತು ಗಾಢ ಕುಣಿಕೆಗಳೂ ಹೊದ್ದಿರುತ್ತವೆ. ಈಗ ಹೊದ್ದಿರುವವು ಎಂಟೇ, ಏಕೆಂದರೆ ಎರಡು ಗಾಢಗಳು ಇಳಿಕೆಯಲ್ಲಿ ಮುಗಿದವು, ಹೊಸ ಎರಡು ಇನ್ನೂ ಬರಿ ಸುತ್ತುಗಳು. ಒಂಬತ್ತು ಕಂಡರೆ ಎಲ್ಲೋ ಒಂದು ಇಳಿಕೆ ತಪ್ಪಿದೆ. ಏಳು ಕಂಡರೆ ಹೊದಿಕೆಯೊಂದು ಜಾರಿದೆ. ಅದರ ಎಳೆ ಕುಣಿಕೆಯ ಬಳಿ ಸಡಿಲವಾಗಿ ಅಡ್ಡ ಬಿದ್ದಿರುತ್ತದೆ, ಎತ್ತಿ ಸೂಜಿಗೆ ಹಾಕಿದರೆ ಆಯಿತು. ಗಾಢ ಹಾಯುವಿಕೆ ಮುಗಿದಾಗ ಹನ್ನೊಂದು ತಿಳಿಗಳೂ ಹೊದ್ದಿರಬೇಕು. ಅಂಚಿನವೆರಡನ್ನು ಬಿಟ್ಟು ಸೂಜಿಯ ಮೇಲಿನ ಎಳೆಗಳನ್ನೆಲ್ಲ ಎಣಿಸಲು ಕೂತರೆ 32 ಬರುತ್ತದೆ, ಆ ಸಂಖ್ಯೆಯಿಂದ ಯಾರಿಗೂ ಉಪಯೋಗವಿಲ್ಲ.

ಮಾರ್ಚಂಟ್ ನಂತರ ಮಾತು ಬೆಳೆದಿದೆ, ನಾಲ್ಕು ಕುಣಿಕೆಗಳನ್ನು ಒಮ್ಮೆಗೇ ಕಳೆಯುವ ನಡುಮಧ್ಯದ ಇಳಿಕೆಯೂ ಈಗ ಸಾಮಾನ್ಯ. ತಪ್ಪು ತಿದ್ದುವ ಕೆಲಸ ಮಾತ್ರ ಅಷ್ಟು ಹಗುರಾಗಿಲ್ಲ. ಸಾದಾ ಹೆಣಿಗೆಯಲ್ಲಿ ಒಂದು ಕುಣಿಕೆಯನ್ನು ಕೆಳಗೆ ಬಿಟ್ಟು ಕ್ರೋಶಾ ಕಡ್ಡಿಯಿಂದ ಮೇಲೆ ತರಬಹುದು. ಇಲ್ಲಿ ಪ್ರತಿ ಮೆಟ್ಟಿಲಿನಲ್ಲೂ ಎದುರು ಬಣ್ಣದ ಹೊದಿಕೆಯನ್ನೂ ಸೇರಿಸಿ ಎತ್ತಬೇಕು. ನೇರ ಗೆರೆಯಲ್ಲಿ ಅದು ಸಾಧ್ಯ; ಏರಿಕೆ ಇಳಿಕೆಗಳಿರುವ ಸಾಲನ್ನು ಹಾಗೆ ತಿದ್ದುವುದು ಬಹಳ ಕಷ್ಟ, ಬಿಚ್ಚುವುದೇ ವಾಸಿ. ಅದಕ್ಕಾಗಿ ಆಕಾರ ಕೊಡುವ ಪ್ರತಿ ಸಾಲಿಗೂ ಮುಂಚೆ, ಗಾಢ ಹಾಯುವಿಕೆ ಮುಗಿದು ತಿಳಿ ಕುಣಿಕೆಗಳೆಲ್ಲ ಹೊದ್ದು ನಿಂತಿರುವಾಗ, ಬೇರೆ ಬಣ್ಣದ ನಯವಾದ ಹತ್ತಿ ದಾರವೊಂದನ್ನು ದಬ್ಬಣದಲ್ಲಿ ಪೋಣಿಸಿ ಸಾಲಿನುದ್ದಕ್ಕೂ ಹಾಯಿಸಿಡುತ್ತಾರೆ. ಕುಣಿಕೆಯ ಜೊತೆ ಹೊದಿಕೆಯೂ ದಾರಕ್ಕೆ ಸಿಕ್ಕಿರಬೇಕು. ಹೊದಿಕೆ ಬಿಟ್ಟು ಕುಣಿಕೆಯನ್ನಷ್ಟೇ ಹಿಡಿದರೆ, ಬಿಚ್ಚಿದ ಮೇಲೆ ಸೂಜಿಗೆ ಬರುವುದು 21 ಬರಿ ಕುಣಿಕೆ, ಯಾವ ನೂಲಿನ ಸರದಿ ಎಂದು ಹೇಳುವ ಗುರುತು ಅವುಗಳಲ್ಲಿ ಇರುವುದಿಲ್ಲ.